ಮೇಲ್ ಹೋಯಿತು, ಗಡುವೂ ಹೋಯಿತು

“ಸರ್, ನಮ್ಮ ಲೈಸೆನ್ಸ್ ಏನಾಯಿತು? ಅರ್ಜಿ ಹಾಕಿ ಎರಡು ತಿಂಗಳಾಯಿತು. ದಯವಿಟ್ಟು ತಿಳಿಸಿ.” ಸರ್ಕಾರಿ ಕಚೇರಿಗಳ ಇ-ಮೇಲ್ ಪೆಟ್ಟಿಗೆಗೆ ಬಂದು ಬೀಳುವ ಪತ್ರಗಳ ಧಾಟಿ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಬರೆದವರ ಸಂಕಟ ನಿಜವಾದದ್ದೇ. ಆದರೆ ಅದನ್ನು ತೆರೆದು ಓದುವ ವಿಷಯ ನಿರ್ವಾಹಕರ ಕುರ್ಚಿಯಲ್ಲಿ ಒಮ್ಮೆ ಕೂತು ನೋಡಿ. ಯಾವ ಲೈಸೆನ್ಸ್? ಅಂಗಡಿಯದೋ, ವಾಹನ ಚಾಲನೆಯದೋ, ಬೀಜ-ಗೊಬ್ಬರ ಮಾರಾಟದ್ದೋ? ಅರ್ಜಿ ಯಾರ ಹೆಸರಿನಲ್ಲಿದೆ? ಮೇಲ್ ಬಂದಿರುವುದು ಮಗನ ಐಡಿಯಿಂದ, ಅರ್ಜಿ ಇರುವುದು ತಂದೆಯ ಹೆಸರಲ್ಲಿ. ಹುಡುಕಲು ಹಿಡಿಯೊಂದು ಸಿಗದ ಪತ್ರಕ್ಕೆ ಉತ್ತರ ಬರೆಯುವುದಕ್ಕಿಂತ ಸುಮ್ಮನಿರುವುದು ಸುಲಭ. ಹಾಗಾಗಿ ಅವರು ಸುಮ್ಮನಿರುತ್ತಾರೆ.

ಬೀದರ್ ಜಿಲ್ಲೆಯಲ್ಲಿ ಕೂತು ಈ ಮಾತು ಆಡುವುದಕ್ಕೆ ಕಾರಣವಿದೆ. ಅರ್ಜಿಗೊಂದು ಸಂಖ್ಯೆ, ಆ ಸಂಖ್ಯೆಗೊಂದು ಗಡುವು ಎಂಬ ಪದ್ಧತಿ ರಾಜ್ಯದಲ್ಲಿ ಮೊದಲು ಪರೀಕ್ಷೆಗೆ ಇಳಿದ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಔರಾದ ಒಂದು. 2012ರ ಮಾರ್ಚ್‌ನಲ್ಲಿ ಔರಾದ, ಧಾರವಾಡ, ಚಿತ್ರದುರ್ಗ, ಪುತ್ತೂರುಗಳಲ್ಲಿ ಸಕಾಲದ ಪ್ರಯೋಗ ನಡೆದು, ಏಪ್ರಿಲ್‌ನಿಂದ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಮಹಾರಾಷ್ಟ್ರ, ತೆಲಂಗಾಣಗಳ ಅಂಚಿನಲ್ಲಿರುವ, ಹಿಂದುಳಿದ ತಾಲ್ಲೂಕು ಎಂದೇ ಹೆಸರಾದ ಊರು ಈ ವಿಷಯದಲ್ಲಿ ಬೆಂಗಳೂರಿಗಿಂತ ಒಂದು ತಿಂಗಳು ಮುಂದಿತ್ತು! ಹಾಗಿದ್ದೂ ಇವತ್ತಿಗೂ ಇಲ್ಲಿನ ಬಹುಪಾಲು ವಿಚಾರಣೆ ಪತ್ರಗಳಲ್ಲಿ ಕಾಣೆಯಾಗಿರುವುದು ಆ ಸಂಖ್ಯೆಯೇ.

ಕನ್ನಡದ ಕಚೇರಿ ಪತ್ರದಲ್ಲಿ ‘ವಿಷಯ’ದ ಕೆಳಗೆ ‘ಉಲ್ಲೇಖ’ ಎಂಬ ಸಾಲೊಂದಿದೆ. ಶಾಲೆಯಲ್ಲಿ ರಜೆ ಅರ್ಜಿ ಬರೆಯುವಾಗ ನಾವು ಬಿಟ್ಟುಬಿಡುತ್ತಿದ್ದ ಸಾಲು ಅದು. ಕಚೇರಿಯವರು ಮಾತ್ರ ತಮ್ಮತಮ್ಮಲ್ಲಿ ಬರೆಯುವ ಒಂದು ಪತ್ರದಲ್ಲೂ ಅದನ್ನು ಬಿಡುವುದಿಲ್ಲ, ಏಕೆಂದರೆ ಕಡತ ಸಿಗುವುದು ಅದರಿಂದಲೇ. ನಿಜಾಮರ ಕಾಲದ ಬೀದರಿನಲ್ಲಿ ಕಡತಕ್ಕೆ ಮಿಸಲು ಎನ್ನುತ್ತಿದ್ದರು. 1956ರಲ್ಲಿ ರಾಜ್ಯ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು, ಕಾಗದ ಹೋಗಿ ಪರದೆ ಬಂತು. ಗುರುತಿಲ್ಲದ ಅರ್ಜಿಗೆ ಮಿಸಲು ಸಿಗದು ಎಂಬುದು ಮಾತ್ರ ಬದಲಾಗಲಿಲ್ಲ.

ಉಲ್ಲೇಖದಲ್ಲಿ ಏನು ಬರೆಯಬೇಕು ಎಂಬಲ್ಲೇ ಮೊದಲ ಎಡವಟ್ಟು ಆಗುವುದು. ಅರ್ಜಿದಾರರ ಕೈಯಲ್ಲಿ ಸಾಮಾನ್ಯವಾಗಿ ಎರಡು ಮೂರು ಕಾಗದಗಳಿರುತ್ತವೆ: ಶುಲ್ಕ ಕಟ್ಟಿದ ಚಲನ್, ಆನ್‌ಲೈನ್ ಅರ್ಜಿಯ ಸ್ವೀಕೃತಿ, ಕೆಲವೊಮ್ಮೆ ಕಚೇರಿಯ ಟಪ್ಪಾಲು ವಿಭಾಗದ ಮೊಹರು ಬಿದ್ದ ಪ್ರತಿ. ಮೂರರಲ್ಲೂ ಒಂದೊಂದು ಸಂಖ್ಯೆ. ದುಡ್ಡು ಕಟ್ಟಿದ್ದು ಮನಸ್ಸಿನಲ್ಲಿ ಉಳಿದಿರುತ್ತದಾದ್ದರಿಂದ ಜನ ಚಲನ್ ಸಂಖ್ಯೆಯನ್ನೇ ಬರೆಯುತ್ತಾರೆ. ಅದು ಹಣ ಸಂದಾಯವಾದುದನ್ನು ಹೇಳುತ್ತದೆಯೇ ಹೊರತು ಅರ್ಜಿ ಯಾರ ಮೇಜಿನ ಮೇಲಿದೆ ಎಂಬುದನ್ನು ತೋರಿಸುವುದಿಲ್ಲ. ಬೇಕಿರುವುದು ಸ್ವೀಕೃತಿಯ ಮೇಲಿನ ಸಕಾಲ ಸಂಖ್ಯೆ, ಅಂದರೆ ಜಿಎಸ್‌ಸಿ ಸಂಖ್ಯೆ. ಅದರ ಜೊತೆಗೆ ಸೇವೆ ಕೊಡಬೇಕಾದ ಕೊನೆಯ ದಿನಾಂಕವೂ ಇರುತ್ತದೆ. ನನ್ನ ಮಟ್ಟಿಗೆ ಇಡೀ ಕಾಗದದಲ್ಲಿ ಅತಿ ಬೆಲೆಯುಳ್ಳದ್ದು ಆ ದಿನಾಂಕ. ಸಂಖ್ಯೆಯಿಂದ ಕಡತ ಸಿಗುತ್ತದೆ, ದಿನಾಂಕದಿಂದ ಕೇಳುವ ಹಕ್ಕು ಸಿಗುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಭಾಲ್ಕಿಯಲ್ಲಿ ಒಬ್ಬರು ಬಾಡಿಗೆ ಮಳಿಗೆಯಲ್ಲಿ ಹಿಟ್ಟಿನ ಗಿರಣಿ ಹಾಕಲು ಪುರಸಭೆಗೆ ಉದ್ದಿಮೆ ಪರವಾನಗಿಗಾಗಿ ಅರ್ಜಿ ಹಾಕಿದ್ದಾರೆ. ಸ್ವೀಕೃತಿಯಲ್ಲಿ ನಮೂದಾದ ಕೊನೆಯ ದಿನ ಏಪ್ರಿಲ್ 21 ಎಂದಿಟ್ಟುಕೊಳ್ಳಿ. ಆ ದಿನ ಕಳೆದರೂ ಪರವಾನಗಿ ಬಂದಿಲ್ಲ. ಏಪ್ರಿಲ್ 22ರಂದು ಅವರು ಬರೆಯಬೇಕಾದ ಮೇಲ್ ಸುಮಾರಾಗಿ ಹೀಗಿರಬೇಕು:

“ಮುಖ್ಯಾಧಿಕಾರಿಗಳು, ಪುರಸಭೆ, ಭಾಲ್ಕಿ – 585328, ಇವರಿಗೆ. ವಿಷಯ: ಹಿಟ್ಟಿನ ಗಿರಣಿಯ ಉದ್ದಿಮೆ ಪರವಾನಗಿ ಅರ್ಜಿಯ ಸ್ಥಿತಿ ತಿಳಿಸುವ ಕುರಿತು. ಉಲ್ಲೇಖ: ಸಕಾಲ ಸಂಖ್ಯೆ (ಸ್ವೀಕೃತಿಯಲ್ಲಿರುವಂತೆ), ಅರ್ಜಿ ದಿನಾಂಕ, ಅರ್ಜಿದಾರರ ಹೆಸರು (ಅರ್ಜಿಯಲ್ಲಿರುವಂತೆ), ಮಳಿಗೆಯ ಆಸ್ತಿ ಸಂಖ್ಯೆ. ಮಾನ್ಯರೇ, ಮೇಲಿನ ಅರ್ಜಿಯ ಸಕಾಲ ಗಡುವು ಏಪ್ರಿಲ್ 21ಕ್ಕೆ ಮುಗಿದಿದೆ. ಪರವಾನಗಿಯಾಗಲಿ ಹಿಂಬರಹವಾಗಲಿ ನನಗೆ ತಲುಪಿಲ್ಲ. ಅರ್ಜಿ ಈಗ ಯಾರ ಹಂತದಲ್ಲಿ ಎಂದಿನಿಂದ ಇದೆ, ಸ್ಥಳ ಪರಿಶೀಲನೆ ಆಗಿದೆಯೇ, ನನ್ನಿಂದ ಯಾವುದಾದರೂ ದಾಖಲೆ ಬಾಕಿ ಇದೆಯೇ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ. ಸ್ವೀಕೃತಿಯ ಪ್ರತಿ ಲಗತ್ತಿಸಿದೆ.”

ಕೆಳಗೆ ಹೆಸರು, ಅರ್ಜಿಯಲ್ಲಿ ಕೊಟ್ಟ ಅದೇ ಮೊಬೈಲ್ ಸಂಖ್ಯೆ. ಅಷ್ಟೇ. ಸಾಲ ಮಾಡಿ ಯಂತ್ರ ತಂದ ಕತೆ ಇಲ್ಲಿ ಬೇಡ. ಅದು ಸುಳ್ಳೆಂದಲ್ಲ, ಓದುವವರ ಕಣ್ಣು ಸಂಖ್ಯೆಗೆ ತಲುಪುವ ಮೊದಲೇ ದಣಿಯುತ್ತದೆ ಎಂದು.

ಕೇಳಿದ ಪ್ರಶ್ನೆಗಳನ್ನು ಗಮನಿಸಿ. “ಸ್ಥಿತಿ ತಿಳಿಸಿ” ಎಂದಷ್ಟೇ ಕೇಳಿದರೆ “ಪರಿಶೀಲನೆಯಲ್ಲಿದೆ” ಎಂಬ ಉತ್ತರ ಬರುತ್ತದೆ. ಆ ಮಾತು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಯಾರ ಹಂತ, ಎಂದಿನಿಂದ, ಯಾವ ದಾಖಲೆ ಎಂದು ಕೇಳಿದರೆ ಉತ್ತರಿಸುವವರು ಕಡತ ತೆರೆಯಲೇಬೇಕಾಗುತ್ತದೆ. ತೆರೆದಾಗ ನಿಜವಾದ ಅಡ್ಡಿ ಕಾಣುತ್ತದೆ. ಉದ್ದಿಮೆ ಪರವಾನಗಿಯಲ್ಲಿ ಆ ಅಡ್ಡಿ ಬಾಡಿಗೆದಾರನಿಗೆ ಗೊತ್ತೇ ಇಲ್ಲದ ಕಡೆ ಇರಬಹುದು: ಮಳಿಗೆಯ ಮಾಲೀಕರು ಆಸ್ತಿ ತೆರಿಗೆ ಬಾಕಿ ಉಳಿಸಿಕೊಂಡಿರಬಹುದು, ಅಥವಾ ಆರೋಗ್ಯ ನಿರೀಕ್ಷಕರು ಸ್ಥಳಕ್ಕೆ ಬಂದ ದಿನ ಷಟರ್ ಎಳೆದಿದ್ದಿರಬಹುದು. ಮಾಲೀಕರ ಬಾಕಿಗಾಗಿ ಗಿರಣಿಯವನು ಕಚೇರಿಗೆ ಹತ್ತು ಸಲ ಅಲೆದರೂ ಫಲವಿಲ್ಲ. ಆಸ್ತಿ ಸಂಖ್ಯೆಯನ್ನು ಉಲ್ಲೇಖದಲ್ಲಿ ಸೇರಿಸಿದ್ದು ಅದಕ್ಕೇ.

ವಿಳಾಸದ ವಿಷಯದಲ್ಲೂ ಈ ಜಿಲ್ಲೆಗೆ ಅದರದೇ ಆದ ತೊಡಕುಗಳಿವೆ. ಬೀದರ್ ಸಾರಿಗೆ ಕಚೇರಿಯ ಸಂಕೇತ ಕೆಎ-38, ಭಾಲ್ಕಿಯದು ಕೆಎ-39. ಒಂದರ ಅರ್ಜಿಯ ಬಗ್ಗೆ ಇನ್ನೊಂದನ್ನು ಕೇಳಿದರೆ ಪತ್ರ ಅಲ್ಲೇ ನಿಲ್ಲುತ್ತದೆ. ಔರಾದ ಎಂದಷ್ಟೇ ಬರೆದರೆ ನಮ್ಮ ಔರಾದ (ಬಿ) ಇದೆ, ಗಡಿಯಾಚೆ ಲಾತೂರು ಜಿಲ್ಲೆಯ ಔರಾದ ಶಹಾಜನಿಯೂ ಇದೆ. 585326 ಎಂಬ ಪಿನ್ ಕೋಡ್ ಹಾಕಿದರೆ ಗೊಂದಲ ಮುಗಿಯಿತು. ಇನ್ನು ಕಮಲನಗರ ಔರಾದದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿದೆ. ಹಳೆಯ ಕಡತ ಔರಾದದಲ್ಲಿ, ಹೊಸ ಅರ್ಜಿ ಕಮಲನಗರದಲ್ಲಿ ಇರುವವರು ಎರಡೂ ಕಚೇರಿಗಳ ಹೆಸರನ್ನು ಉಲ್ಲೇಖದಲ್ಲೇ ಹೇಳಿಬಿಡುವುದು ಒಳ್ಳೆಯದು.

ಸಣ್ಣದೆಂದು ಕಾಣುವ ಇನ್ನೊಂದು ತೊಂದರೆ ಅಕ್ಷರದ್ದು. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಸೈಬರ್ ಅಂಗಡಿಯವರು ಹಾಗೇ ಮೇಲ್‌ಗೆ ಅಂಟಿಸಿ ಕಳಿಸಿದರೆ, ಆಚೆ ಬದಿಯ ಪರದೆಯ ಮೇಲೆ ‘ಕನ್ನಡ’ ಎಂಬ ಪದ PÀ£ÀßqÀ ಎಂದು ಕಾಣುತ್ತದೆ. ಅರ್ಜಿದಾರ ಅಚ್ಚುಕಟ್ಟಾಗಿ ಬರೆದಿರುತ್ತಾನೆ, ಓದುವವರಿಗೆ ಅದು ಕಸ. ಯೂನಿಕೋಡ್‌ನಲ್ಲಿ ಬರೆಯಿಸಬೇಕು, ಇಲ್ಲವೇ ಪಿಡಿಎಫ್ ಮಾಡಿ ಲಗತ್ತಿಸಬೇಕು. ಹಾಗಂತ ಇಂಗ್ಲಿಷಿಗೆ ಓಡಬೇಕಿಲ್ಲ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿಯೇ ಕೊಟ್ಟಿದೆ.

ಇಷ್ಟೆಲ್ಲ ಸರಿಯಾಗಿ ಬರೆದರೂ ಒಂದು ಸತ್ಯ ಉಳಿಯುತ್ತದೆ. ಇ-ಮೇಲ್‌ಗೆ ಉತ್ತರ ಕೊಡುವಂತೆ ಕಚೇರಿಯನ್ನು ಬರೀ ಇ-ಮೇಲ್‌ನ ಬಲದಿಂದ ಕಟ್ಟಿಹಾಕಲಾಗದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗಳಿಗೆ ಮಾನ್ಯತೆ ಕೊಟ್ಟಿತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದೇ ಕಾಯ್ದೆಯ 9ನೇ ಕಲಮು, ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲೇ ಸ್ವೀಕರಿಸಬೇಕೆಂದು ಸರ್ಕಾರಿ ಇಲಾಖೆಯನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ ಎನ್ನುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಹಿಡಿದುಕೊಂಡ ಹಾಗೆ. ಫಲಕದ ಮೇಲೆ ಮೇಲ್ ಐಡಿ ಬರೆಸಿದ ಕಚೇರಿ ಆ ಪೆಟ್ಟಿಗೆಯನ್ನು ದಿನಕ್ಕೊಮ್ಮೆ ತೆರೆದು, ಬಂದ ಪತ್ರಕ್ಕೆ ಟಪ್ಪಾಲಿನ ಹಾಗೆಯೇ ಆವಕ ಸಂಖ್ಯೆ ಕೊಡಬೇಕು ಎಂಬುದು ನನ್ನ ವಾದ. ಹೊಸ ಕಾನೂನೇನೂ ಬೇಕಿಲ್ಲ, ಒಬ್ಬರಿಗೆ ಆ ಕೆಲಸ ಹಂಚಿದರೆ ಸಾಕು. ಅದು ಆಗುವ ತನಕ ಮೇಲ್‌ನ ಒಂದು ಮುದ್ರಿತ ಪ್ರತಿಯನ್ನು ಟಪ್ಪಾಲಿನಲ್ಲಿ ಕೊಟ್ಟು ಮೊಹರು ಹಾಕಿಸಿಕೊಳ್ಳುವುದೇ ಕ್ಷೇಮ. ಔರಾದಿನಿಂದ ಬೀದರಿಗೆ ಬಸ್ ಹತ್ತುವುದನ್ನು ತಪ್ಪಿಸಲೆಂದೇ ಮೇಲ್ ಬರೆದವನಿಗೆ ಇದು ಕಹಿ ಸಲಹೆ, ಒಪ್ಪುತ್ತೇನೆ.

ಆದರೆ ನನ್ನ ನಿಜವಾದ ಆತಂಕ ಬೇರೆ. ಸಕಾಲದ ಪ್ರಕಾರ ಗಡುವು ಮೀರಿದರೆ, ಅಥವಾ ಅರ್ಜಿ ತಿರಸ್ಕೃತವಾದರೆ, 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ವಿಚಾರಣೆಯ ಮೇಲ್ ಮೇಲ್ಮನವಿಯಲ್ಲ, ಎಷ್ಟೇ ವಿನಯದಿಂದ ಬರೆದರೂ ಅದು ಆ 30 ದಿನಗಳ ಎಣಿಕೆಯನ್ನು ನಿಲ್ಲಿಸುವುದಿಲ್ಲ. ಭಾಲ್ಕಿಯ ಗಿರಣಿಯವರ ಲೆಕ್ಕ ಹಾಕಿ. ಏಪ್ರಿಲ್ 22ಕ್ಕೆ ಒಂದು ಮೇಲ್. ಮೇ 2ಕ್ಕೆ “ಪರಿಶೀಲನೆಯಲ್ಲಿದೆ” ಎಂಬ ಉತ್ತರ. ಕಾಯುವುದು ಮರ್ಯಾದೆ ಎಂದು ಇನ್ನೆರಡು ವಾರ ಕಾದು ಮೇ 17ಕ್ಕೆ ಮತ್ತೊಂದು ಮೇಲ್. ಅದರ ಉತ್ತರಕ್ಕೆ ಒಂದು ವಾರ ಕಾದರೆ ಮೇ 21 ದಾಟಿಹೋಗಿರುತ್ತದೆ. ಆಮೇಲೆ ಮೇಲ್ಮನವಿ ಹಾಕುವವರು ತಡವಾದದ್ದಕ್ಕೆ ಕಾರಣವನ್ನೂ ಬರೆಯಬೇಕು. ತಡ ಮಾಡಿದ್ದು ಕಚೇರಿ, ಕಾರಣ ಕೊಡಬೇಕಾದವರು ಅರ್ಜಿದಾರರು.

ಪರಿಹಾರದ ಲೆಕ್ಕವೂ ಇದೇ ಬಗೆಯದು. ತಡವಾದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ. ಅಂದರೆ 25ನೇ ದಿನಕ್ಕೆ ಮೀಟರು ನಿಲ್ಲುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಮೇ 16. ಆ ದಿನದ ನಂತರ ಕಡತ ಎಷ್ಟು ದಿನ ಕೂತರೂ ಪರಿಹಾರದ ಮೊತ್ತ ಏರುವುದಿಲ್ಲ. ದುಡ್ಡು ಸಣ್ಣದು, ನಿಜ. ಆದರೆ ಮಿತಿ ಮುಟ್ಟಿದ ಮೇಲೆ ಕಚೇರಿಯ ಮೇಲೆ ಒತ್ತಡವಾಗಿ ಉಳಿಯುವುದು ಮೇಲ್ಮನವಿ ಒಂದೇ, ಅದಕ್ಕೂ ಆಗ ಐದೇ ದಿನ ಬಾಕಿ. 2012ರ ಆಸುಪಾಸಿನ ಈ 20 ಮತ್ತು 500ರ ಲೆಕ್ಕವನ್ನು ಬಿಟ್ಟು, ಸೇವೆ ಸಿಗುವವರೆಗೂ ಎಣಿಕೆ ನಿಲ್ಲದಂತೆ ಮಾಡಬೇಕಾದದ್ದು ಶಾಸನಸಭೆಯ ಕೆಲಸ.

ಅಲ್ಲಿಯವರೆಗೆ ಗಿರಣಿಯವರು ಮಾಡಬಹುದಾದದ್ದು ಇಷ್ಟು. ಏಪ್ರಿಲ್ 22ರ ಮೇಲ್‌ನಲ್ಲಿ ಕೊನೆಗೆ ಒಂದು ಸಾಲು ಸೇರಿಸಲಿ: “ಮೇ 5ರೊಳಗೆ ಪರವಾನಗಿ ಅಥವಾ ಹಿಂಬರಹ ಬಾರದಿದ್ದಲ್ಲಿ ಇದೇ ಸಕಾಲ ಸಂಖ್ಯೆಯ ಮೇಲೆ ಸಕ್ಷಮ ಅಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸುತ್ತೇನೆ.” ಇದರಲ್ಲಿ ಬೆದರಿಕೆಯಿಲ್ಲ, ಕಾನೂನು ಹೇಳಿದ ಮುಂದಿನ ಹೆಜ್ಜೆಯನ್ನು ಮುಂಚೆಯೇ ತಿಳಿಸಿದಂತೆ ಅಷ್ಟೆ. ಮೇ 5 ಕಳೆದರೆ ಎರಡನೇ ಮೇಲ್ ಬರೆಯದೆ, ಮೊದಲನೆಯದರ ಪ್ರತಿ, ಸ್ವೀಕೃತಿ, ಬಂದಿದ್ದರೆ ಆ “ಪರಿಶೀಲನೆಯಲ್ಲಿದೆ” ಎಂಬ ಉತ್ತರ, ಮೂರನ್ನೂ ಲಗತ್ತಿಸಿ ಮೇ 6ಕ್ಕೇ ಮೇಲ್ಮನವಿ ಹಾಕಲಿ. ಆಗ ಕೈಯಲ್ಲಿ ಇನ್ನೂ ಹದಿನೈದು ದಿನ ಉಳಿದಿರುತ್ತವೆ.