ಲೋಗೋದ ಬಿಲ್ಲು ಸಂದಾಯವಾಯಿತು, ಆದರೆ ಲೋಗೋ ಯಾರದು?

ಯಂತ್ರವೊಂದನ್ನು ಕೊಳ್ಳುವ ಸಣ್ಣ ಕೈಗಾರಿಕೋದ್ಯಮಿಯು ಅದರ ಬಿಲ್ಲು, ಖಾತರಿ ಪತ್ರ ಹಾಗೂ ಸಾಗಣೆಯ ರಸೀದಿಗಳನ್ನು ಕಡತದಲ್ಲಿ ಜೋಪಾನವಾಗಿ ಇರಿಸುತ್ತಾನೆ. ಅದೇ ಉದ್ಯಮಿಯು ತನ್ನ ಸರಕಿನ ಗುರುತಾದ ಲೋಗೋವನ್ನು ಬರೆಸುವಾಗ ಮಾತ್ರ ಬಾಯಿಮಾತಿನಲ್ಲಿ ಕೆಲಸ ಹೇಳಿ, ಮೊಬೈಲಿಗೆ ಬಂದ ಚಿತ್ರವೊಂದನ್ನು ಒಪ್ಪಿ, ಕೆಲವು ಸಾವಿರ ರೂಪಾಯಿ ಪಾವತಿಸಿ, ಅಲ್ಲಿಗೆ ವ್ಯವಹಾರ ಮುಗಿಯಿತೆಂದು ಭಾವಿಸುತ್ತಾನೆ. ಹಣ ಕೊಟ್ಟವನೇ ಒಡೆಯನೆಂಬುದು ಸಂತೆಯ ನ್ಯಾಯ. ಕೃತಿಸ್ವಾಮ್ಯದ ಕಾನೂನು ಈ ನ್ಯಾಯವನ್ನು ಲೋಗೋದ ವಿಷಯದಲ್ಲಿ ಒಪ್ಪುವುದಿಲ್ಲ.

1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದ ಪ್ರಕಾರ ಕೃತಿಯ ಮೊದಲ ಒಡೆಯನು ಅದನ್ನು ರಚಿಸಿದವನೇ. ಈ ನಿಯಮಕ್ಕೆ ಕೆಲವು ಅಪವಾದಗಳುಂಟು. ಹಣ ಕೊಟ್ಟು ಮಾಡಿಸಿದ ಛಾಯಾಚಿತ್ರ, ವರ್ಣಚಿತ್ರ, ಭಾವಚಿತ್ರ, ಕೆತ್ತನೆ ಮತ್ತು ಚಲನಚಿತ್ರಗಳಲ್ಲಿ ಹಣ ಕೊಟ್ಟವನೇ ಮೊದಲ ಒಡೆಯ. ಸಂಬಳದ ನೌಕರನು ಕೆಲಸದ ಭಾಗವಾಗಿ ರಚಿಸಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು. ಆದರೆ ಲೋಗೋ ಸಾಮಾನ್ಯವಾಗಿ ಒಂದು ರೇಖಾಚಿತ್ರ. ಹಣ ಕೊಟ್ಟು ಮಾಡಿಸಿದ ಕೃತಿಗಳ ಆ ಪಟ್ಟಿಯಲ್ಲಿ ರೇಖಾಚಿತ್ರದ ಹೆಸರಿಲ್ಲ. ಆದಕಾರಣ ಹೊರಗಿನ ವಿನ್ಯಾಸಕನಿಂದ ಬರೆಸಿದ ಲೋಗೋದ ಕೃತಿಸ್ವಾಮ್ಯವು ಬರೆಹದ ಮೂಲಕ ವರ್ಗಾವಣೆಯಾಗುವವರೆಗೆ ವಿನ್ಯಾಸಕನಲ್ಲಿಯೇ ಉಳಿಯುತ್ತದೆ. ಲೋಗೋವೂ ಒಂದು ವರ್ಣಚಿತ್ರವೇ ಎಂದು ನ್ಯಾಯಾಲಯದಲ್ಲಿ ವಾದಿಸಲು ಅವಕಾಶವಿರಬಹುದು. ಆದರೆ ವ್ಯಾಪಾರವೊಂದನ್ನು ಅಂತಹ ವಾದದ ಮೇಲೆ ನಿಲ್ಲಿಸುವುದು ವಿವೇಕವಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಒಂದೇ ಚಿತ್ರದ ಮೇಲೆ ಎರಡು ಹಕ್ಕುಗಳಿರುತ್ತವೆ. ಸರಕಿನ ಗುರುತಾಗಿ ಬಳಸುವುದರಿಂದ ಹುಟ್ಟುವ ಟ್ರೇಡ್‌ಮಾರ್ಕ್ ಹಕ್ಕು ವ್ಯಾಪಾರಿಯದು. ಚಿತ್ರವನ್ನು ನಕಲು ಮಾಡುವ ಹಕ್ಕು, ಅಂದರೆ ಕೃತಿಸ್ವಾಮ್ಯ, ಚಿತ್ರಕಾರನದು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಬಂದಂತಾಗುವುದಿಲ್ಲ. ಅಷ್ಟೇ ಅಲ್ಲ, ಕೃತಿಸ್ವಾಮ್ಯದ ಕಾನೂನಿನಿಂದ ತಡೆಯಬಹುದಾದ ಗುರುತನ್ನು, ಆ ಕೃತಿಸ್ವಾಮ್ಯದ ಒಡೆಯನು ವಿರೋಧಿಸಿದರೆ, ನೋಂದಾಯಿಸಲಾಗದೆಂದು 1999ರ ಟ್ರೇಡ್‌ಮಾರ್ಕ್ ಅಧಿನಿಯಮದ 11ನೆಯ ಪ್ರಕರಣವೇ ಹೇಳುತ್ತದೆ.

ಇದರ ಪರಿಣಾಮವನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪುಡಿ ತಯಾರಿಸುವ ಪಾಲುದಾರಿಕೆ ಸಂಸ್ಥೆಯೊಂದು 2016ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ವಿನ್ಯಾಸಕನೊಬ್ಬನಿಂದ 8,000 ರೂಪಾಯಿಗೆ ಲೋಗೋ ಬರೆಸುತ್ತದೆ. ಪಾಲುದಾರರು ಎಚ್ಚರಿಕೆಯವರು, ಆದುದರಿಂದ ವಿನ್ಯಾಸಕನ ಸಹಿಯಿರುವ ಒಂದು ಪತ್ರವನ್ನೂ ಪಡೆಯುತ್ತಾರೆ. ಅದರಲ್ಲಿರುವುದು ಒಂದೇ ವಾಕ್ಯ: ‘8,000 ರೂಪಾಯಿ ಪಡೆದು ಸದರಿ ಲೋಗೋದ ಹಕ್ಕನ್ನು ನಿಮಗೆ ವರ್ಗಾಯಿಸಿದ್ದೇನೆ.’ ಏಳು ವರ್ಷಗಳಲ್ಲಿ ಪುಡಿಗೆ ಒಳ್ಳೆಯ ಹೆಸರು ಬರುತ್ತದೆ. 2023ರಲ್ಲಿ ದೊಡ್ಡ ಕಂಪನಿಯೊಂದು ಆ ಬ್ರ್ಯಾಂಡನ್ನು ಕೊಳ್ಳಲು ಮುಂದೆ ಬರುತ್ತದೆ. ಕೊಳ್ಳುವವರ ವಕೀಲರು ಪತ್ರವನ್ನು ಓದಿ, ಲೋಗೋದ ಹಕ್ಕು 2021ರ ಆಗಸ್ಟ್‌ನಲ್ಲಿಯೇ ಮುಗಿದಿದೆ ಎನ್ನುತ್ತಾರೆ.

ವಕೀಲರ ಮಾತು ಸರಿಯಾದುದೇ. ಅಧಿನಿಯಮದ 19ನೆಯ ಪ್ರಕರಣದಂತೆ ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಗಳಿಗೆ ಮಾತ್ರ ಎಂದು ಭಾವಿಸಲಾಗುತ್ತದೆ. ಪ್ರದೇಶವನ್ನು ನಮೂದಿಸದಿದ್ದರೆ ಅದು ಭಾರತಕ್ಕೆ ಮಾತ್ರ ಸೀಮಿತ; ಹೊರದೇಶಕ್ಕೆ ಸರಕು ಕಳುಹಿಸುವವರಿಗೆ ಇದು ಮತ್ತೊಂದು ತೊಡಕು. ಹಕ್ಕನ್ನು ಪಡೆದವನು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿರದ ಪಕ್ಷದಲ್ಲಿ, ಆ ಹಕ್ಕೂ ತಪ್ಪಿಹೋಗುತ್ತದೆ. ನಮ್ಮ ಉದಾಹರಣೆಯ ಸಂಸ್ಥೆಯು ಇಷ್ಟು ಕಾಲ ವಿನ್ಯಾಸಕನ ಅರಿವಿನಲ್ಲಿಯೇ ಲೋಗೋ ಬಳಸಿರುವುದರಿಂದ ನಾಳೆಯೇ ಅದರ ಬಳಕೆ ನಿಲ್ಲಬೇಕಾಗದೆ ಇರಬಹುದು. ಆದರೆ ಕೊಳ್ಳುವವನಿಗೆ ಬೇಕಾದುದು ನಿಷ್ಕಳಂಕವಾದ ಹಕ್ಕೇ ಹೊರತು ಸಹನೆಯ ಮೇಲಿನ ಬಳಕೆಯಲ್ಲ. ಆಗ ವಿನ್ಯಾಸಕನು ಹೊಸ ಪತ್ರಕ್ಕೆ ಎರಡು ಲಕ್ಷ ಕೇಳಿದರೂ ಅದು ಅನ್ಯಾಯವೆನ್ನಲು ಬರುವುದಿಲ್ಲ; ಅವನು ಮಾರುತ್ತಿರುವುದು ತನ್ನ ಸ್ವತ್ತನ್ನೇ.

ಲೆಕ್ಕಪತ್ರದ ದೃಷ್ಟಿಯಿಂದಲೂ ಈ ಮಾತು ಮುಖ್ಯ. ಲೆಕ್ಕಪತ್ರ ಮಾನದಂಡ 26ರಂತೆ ಅಮೂರ್ತ ವಸ್ತುವೊಂದನ್ನು ಆಸ್ತಿಯೆಂದು ತೋರಿಸಲು ಅದರ ಮೇಲೆ ಸಂಸ್ಥೆಗೆ ನಿಯಂತ್ರಣವಿರಬೇಕು. ತಾನೇ ಬೆಳೆಸಿದ ಬ್ರ್ಯಾಂಡಿನ ಮೌಲ್ಯವನ್ನಂತೂ ಅದು ಆಸ್ತಿಯೆಂದು ಒಪ್ಪುವುದೇ ಇಲ್ಲ. ಪಾಲುದಾರಿಕೆ ಬಿಡಿಸುವಾಗ ಸಹೋದರರು ಯಾವ ಲೋಗೋಗಾಗಿ ಜಗಳವಾಡುತ್ತಾರೋ ಅದರ ಕೃತಿಸ್ವಾಮ್ಯವು ಇಬ್ಬರಿಗೂ ಸೇರಿರದ ಮೂರನೆಯವನಲ್ಲಿ ಇರುವುದು ಅಸಂಭವವೇನಲ್ಲ.

ಹಾಗಾದರೆ ಪತ್ರ ಹೇಗಿರಬೇಕು? ಒಂದು ಪುಟ ಸಾಕು. ಲೋಗೋದ ಮುದ್ರಿತ ಪ್ರತಿಯನ್ನು ಪತ್ರಕ್ಕೆ ಅಂಟಿಸಿ ಅದರ ಮೇಲೆಯೂ ಸಹಿ ಮಾಡಿಸಬೇಕು. ಯಾವ ಕೃತಿಯೆಂಬ ಸಂಶಯ ಉಳಿಯಬಾರದು. ಎಲ್ಲ ಹಕ್ಕುಗಳು, ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ, ಇಂತಿಷ್ಟು ಹಣಕ್ಕೆ ವರ್ಗಾವಣೆಯಾಗಿವೆ ಎಂದು ಸ್ಪಷ್ಟವಾಗಿ ಬರೆಯಬೇಕು. ಒಂದು ವರ್ಷ ಬಳಸದಿದ್ದರೂ ಹಕ್ಕು ತಪ್ಪದೆಂದು ಸೇರಿಸಬೇಕು. ಸಹಿ ಮಾಡುವವನು ಹಕ್ಕುಳ್ಳವನೇ ಎಂದು ನೋಡಬೇಕು: ವಿನ್ಯಾಸ ಸಂಸ್ಥೆಯು ಹೊರಗಿನ ಕಲಾವಿದನಿಂದ ಬರೆಸಿದ್ದರೆ, ಆ ಸಂಸ್ಥೆಯು ಮೊದಲು ಕಲಾವಿದನಿಂದ ಹಕ್ಕನ್ನು ಪಡೆದಿರಬೇಕು. ಕೊನೆಯದಾಗಿ, ಚಿತ್ರವು ವಿನ್ಯಾಸಕನ ಸ್ವಂತ ರಚನೆಯೆಂದೂ ಸಿದ್ಧಚಿತ್ರಗಳ ಸಂಗ್ರಹದಿಂದ ಎತ್ತಿದ್ದಲ್ಲವೆಂದೂ ಬರೆಸಬೇಕು. ಅಂತಹ ಸಂಗ್ರಹಗಳ ಚಿತ್ರಗಳನ್ನು ಯಾರು ಬೇಕಾದರೂ ಕೊಳ್ಳಬಹುದು. ಅವುಗಳ ಪರವಾನಗಿಯು ಸಾಮಾನ್ಯವಾಗಿ ಲೋಗೋ ಅಥವಾ ಟ್ರೇಡ್‌ಮಾರ್ಕ್ ಆಗಿ ಬಳಸಲು ಅನುಮತಿ ನೀಡುವುದಿಲ್ಲ.

ಹಕ್ಕು ಕೈಗೆ ಬಂದರೂ ಮೂಲ ಕಡತ ಬಾರದಿದ್ದರೆ ಪ್ರಯೋಜನವಿಲ್ಲ. ಮೊಬೈಲಿಗೆ ಬರುವ ಜೆಪಿಜಿ ಚಿತ್ರವು ಚುಕ್ಕಿಗಳ ರಾಶಿ. 500 ಚುಕ್ಕಿ ಅಗಲದ ಚಿತ್ರವು ಒಂದು ಅಂಗುಲಕ್ಕೆ 300 ಚುಕ್ಕಿಗಳಂತೆ ಮುದ್ರಿಸಿದರೆ ಕೇವಲ ನಾಲ್ಕು ಸೆಂಟಿಮೀಟರು ಚಿಲ್ಲರೆ ಅಗಲಕ್ಕೆ ಸ್ವಚ್ಛವಾಗಿ ಬರುತ್ತದೆ. ಹತ್ತು ಅಡಿಯ ಫಲಕಕ್ಕೆ ಹಿಗ್ಗಿಸಿದರೆ ಅಂಚುಗಳು ಮೆಟ್ಟಿಲು ಮೆಟ್ಟಿಲಾಗುತ್ತವೆ. ಬೇಕಾದುದು ವೆಕ್ಟರ್ ಕಡತ, ಅಂದರೆ ಗೆರೆಗಳನ್ನು ಗಣಿತದಿಂದ ಹಿಡಿದಿಟ್ಟಿರುವ ಎಐ, ಸಿಡಿಆರ್, ಇಪಿಎಸ್, ಎಸ್‌ವಿಜಿ ಅಥವಾ ಪಿಡಿಎಫ್ ರೂಪ. ಇದನ್ನು ಎಷ್ಟು ಹಿಗ್ಗಿಸಿದರೂ ಅಂಚು ಕೆಡದು. ಆದರೆ ಜೆಪಿಜಿಯನ್ನೇ ಪಿಡಿಎಫ್ ಒಳಗೆ ಇರಿಸಿ ಕೊಡುವವರೂ ಉಂಟು. ಪರೀಕ್ಷೆ ಸುಲಭ: ಕಡತವನ್ನು ತೆರೆದು ಹತ್ತಾರು ಪಟ್ಟು ಹಿಗ್ಗಿಸಿ ನೋಡಿದಾಗ ಅಂಚು ಮಸುಕಾದರೆ ಅದು ವೆಕ್ಟರ್ ಅಲ್ಲ.

ಕನ್ನಡ ಅಕ್ಷರಗಳಿರುವ ಲೋಗೋಗೆ ಇನ್ನೊಂದು ಎಚ್ಚರಿಕೆ ಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಒಳಗೆ ರೋಮನ್ ಸಂಕೇತಗಳನ್ನೇ ಬಳಸುತ್ತವೆ. ಆ ಅಕ್ಷರಶೈಲಿಯಿಲ್ಲದ ಮುದ್ರಣಾಲಯದ ಗಣಕದಲ್ಲಿ ಕಡತ ತೆರೆದರೆ ಸಂಸ್ಥೆಯ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆದ್ದರಿಂದ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿದ ಪ್ರತಿಯನ್ನು ಪಡೆಯಬೇಕು. ಮುದ್ರಣಾಲಯದವರು ಇದನ್ನೇ ‘ಕರ್ವ್ ಮಾಡುವುದು’ ಎನ್ನುತ್ತಾರೆ. ಹೊಸ ಕೋರೆಲ್‌ಡ್ರಾದಲ್ಲಿ ಮಾಡಿದ ಸಿಡಿಆರ್ ಕಡತವು ಹಳೆಯದರಲ್ಲಿ ತೆರೆಯದಿರುವುದರಿಂದ ಜೊತೆಗೆ ಪಿಡಿಎಫ್ ಪ್ರತಿಯೂ ಇರುವುದು ಒಳಿತು. ಬಣ್ಣದ ಸಂಖ್ಯೆಗಳನ್ನೂ ಬರೆಸಿಕೊಳ್ಳಬೇಕು. ಪರದೆಯ ಮೇಲೆ ಕಾಣುವ ಕೆಂಪು ಬೆಳಕಿನ ಕೆಂಪು. ಕಾಗದದ ಮೇಲಿನದು ಶಾಯಿಯ ಕೆಂಪು. ಮುದ್ರಣದ ಶಾಯಿಯ ಪ್ರಮಾಣ ಅಥವಾ ಪ್ಯಾಂಟೋನ್ ಸಂಖ್ಯೆ ಇಲ್ಲದಿದ್ದರೆ ಮೂರು ಮುದ್ರಣಾಲಯಗಳಿಂದ ಮೂರು ಕೆಂಪಿನ ಪೊಟ್ಟಣಗಳು ಬರುತ್ತವೆ.

ಈ ಎಲ್ಲದರ ಮೂಲವಿರುವುದು ಕೆಲಸ ಹೇಳುವ ದಿನದಲ್ಲಿ. ‘ಚೆನ್ನಾಗಿರಲಿ, ಆಕರ್ಷಕವಾಗಿರಲಿ’ ಎಂಬ ಮಾತು ವಿನ್ಯಾಸಕನಿಗೆ ಏನನ್ನೂ ತಿಳಿಸುವುದಿಲ್ಲ. ಲೋಗೋ ಎಲ್ಲೆಲ್ಲಿ ಬೀಳಲಿದೆ ಎಂಬುದೇ ಮುಖ್ಯ ಮಾಹಿತಿ. ಉದಾಹರಣೆಯ ಪುಡಿ ತಯಾರಕರಿಗೆ ಅತಿ ಚಿಕ್ಕ ಬಳಕೆಯೆಂದರೆ 50 ಗ್ರಾಂ ಪೊಟ್ಟಣ, ಅತಿ ಒರಟು ಬಳಕೆಯೆಂದರೆ ಚೀಲದ ಮೇಲಿನ ಒಂದೇ ಬಣ್ಣದ ಅಚ್ಚು. ಪೊಟ್ಟಣದ ಗ್ರೇವ್ಯೂರ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರು ಕೆತ್ತಿಸಬೇಕಾದುದರಿಂದ ಬಣ್ಣ ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆ. ಇವನ್ನು ಮೊದಲೇ ಬರೆದು ಕೊಟ್ಟರೆ ವಿನ್ಯಾಸಕನು ನೆರಳುಬೆಳಕಿನ ಸೂಕ್ಷ್ಮ ಚಿತ್ರವನ್ನು ಬರೆಯುವುದಿಲ್ಲ. ಒಪ್ಪಿಗೆಗೆ ಮೊದಲು ಲೋಗೋವನ್ನು ಒಂದೂವರೆ ಸೆಂಟಿಮೀಟರು ಅಗಲಕ್ಕೆ, ಕಪ್ಪು ಬಣ್ಣದಲ್ಲಿ ಮಾತ್ರ ಮುದ್ರಿಸಿ ನೋಡಬೇಕು. ಹೆಸರು ಓದಲು ಬಾರದಿದ್ದರೆ ಪರದೆಯ ಮೇಲೆ ಎಷ್ಟು ಚಂದವಿದ್ದರೂ ತಿರಸ್ಕರಿಸುವುದೇ ಸರಿ. ಎಷ್ಟು ಮಾದರಿಗಳು, ಎಷ್ಟು ಬಾರಿ ತಿದ್ದುಪಡಿ, ಯಾವ ಪಾಲುದಾರನ ಮಾತು ಅಂತಿಮ ಎಂಬುದೂ ಅದೇ ಹಾಳೆಯಲ್ಲಿರಲಿ. ಆರಿಸದ ಮಾದರಿಗಳು ವಿನ್ಯಾಸಕನಿಗೇ ಉಳಿಯುತ್ತವೆ. ಹೆಸರು ಬರೆಸುವ ಮೊದಲೇ ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ ಸಂಬಂಧಿಸಿದ ವರ್ಗವನ್ನು, ಮಸಾಲೆಗಳಿಗೆ 30ನೆಯ ವರ್ಗವನ್ನು, ನೋಡಿಬಿಡುವುದು ಮುಂದಿನ ನಷ್ಟವನ್ನು ತಪ್ಪಿಸುತ್ತದೆ.

ವಿನ್ಯಾಸಕರ ಪಕ್ಷದಲ್ಲಿಯೂ ನ್ಯಾಯವಿದೆ. ಪೂರ್ಣ ಹಕ್ಕಿಗೂ ಬಳಕೆಯ ಪರವಾನಗಿಗೂ ಒಂದೇ ಬೆಲೆ ಇರಲಾರದು. ಒಂದು ಜಾತ್ರೆಯ ಮಳಿಗೆಗೋ ಒಂದು ಹಬ್ಬದ ಮಾರಾಟಕ್ಕೋ ಬರೆಸುವ ಚಿತ್ರಕ್ಕೆ ಅವಧಿ, ಪ್ರದೇಶ ಮತ್ತು ಬಳಕೆಯನ್ನು ನಮೂದಿಸಿದ ಲಿಖಿತ ಪರವಾನಗಿಯೇ ಸಾಕು, ಅದು ಅಗ್ಗವೂ ಹೌದು. ಸಂಸ್ಥೆಯ ಹೆಸರನ್ನು ಹೊರುವ ಲೋಗೋಗೆ ಮಾತ್ರ ಪೂರ್ಣ ವರ್ಗಾವಣೆಯೇ ಬೇಕು. ಅದಕ್ಕೆ ಹೆಚ್ಚಿನ ಸಂಭಾವನೆ ಕೇಳುವುದು ನ್ಯಾಯವೇ. ವರ್ಗಾವಣೆಯ ನಂತರವೂ ತಾನು ರಚಿಸಿದ್ದೆಂದು ಹೇಳಿಕೊಳ್ಳುವ ಹಕ್ಕು 57ನೆಯ ಪ್ರಕರಣದಂತೆ ಅವನಿಗಿದೆ.

ಇಬ್ಬರಿಗೂ ಹಿತವಾದ ಪದ್ಧತಿಯೆಂದರೆ ಹಣವನ್ನು ಮೂರು ಕಂತುಗಳಲ್ಲಿ ಕೊಡುವುದು: ಕೆಲಸದ ವಿವರದ ಹಾಳೆಗೆ ಇಬ್ಬರೂ ಸಹಿ ಮಾಡಿದಾಗ ಒಂದು, ಮಾದರಿ ಒಪ್ಪಿಗೆಯಾದಾಗ ಒಂದು, ಪರೀಕ್ಷಿಸಿದ ಕಡತಗಳೂ ವರ್ಗಾವಣೆ ಪತ್ರವೂ ಕೈಸೇರಿದ ದಿನ ಕೊನೆಯದು. ವಾಣಿಜ್ಯ ಸಂಸ್ಥೆಗಳು ಇಂತಹ ಪತ್ರದ ಮಾದರಿಯನ್ನು ವಕೀಲರಿಂದ ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ಅದಕ್ಕಾಗುವ ವೆಚ್ಚ ಅತ್ಯಲ್ಪ. ಈಗಾಗಲೇ ಲೋಗೋ ಬಳಸುತ್ತಿರುವವರು ಕಡತ ತೆರೆದು ತಮ್ಮ ಪತ್ರದಲ್ಲಿ ಅವಧಿ ಬರೆದಿದೆಯೇ ಎಂದು ನೋಡುವುದು ಉಚಿತ. ಬರೆದಿರದಿದ್ದರೆ, ವಿನ್ಯಾಸಕನ ವಿಳಾಸ ಗೊತ್ತಿರುವಾಗಲೇ, ವ್ಯಾಪಾರ ಇನ್ನೂ ಸಣ್ಣದಿರುವಾಗಲೇ ಹೊಸ ಪತ್ರ ಮಾಡಿಸಿಕೊಳ್ಳುವುದು ಲೇಸು.