ಸೋಲಾರಿಗೆ ಬೇಕಿರೋದು ಬೆಳಕು, ಕಾವಲ್ಲ

"ಬಿಸ್ಲು ಕಾದಷ್ಟೂ ಕರೆಂಟು ಜಾಸ್ತಿ ಬತ್ತದೆ ಅಕ್ಕಾ" ಅಂದು, ಪ್ಯಾನಲ್ ಹಾಕೋಕೆ ಬಂದೋನು ನಮ್ಮ ದೊಡ್ಡಬಳ್ಳಾಪುರದ ಮನೆ ಶೀಟಿಗೆ ಅಂಟಿಸ್ದಂಗೆ ಕೂರಿಸಿ ಹೋದ. ಅರ್ಧ ಸುಳ್ಳು ಕಣ್ರಮ್ಮ! ಬೆಳಕು ಹೆಚ್ಚಿದ್ರೆ ಕರೆಂಟು ಹೆಚ್ಚು, ನಿಜ. ಕಾವು ಹೆಚ್ಚಿದ್ರೆ ಕಮ್ಮಿ.

ಪ್ಯಾನಲ್ ಮೇಲೆ 540 ವ್ಯಾಟ್ ಅಂತ ಬರೆದಿರೋದು ಒಳಗಿನ ಸಿಲಿಕಾನ್ ಬಿಲ್ಲೆ 25 ಡಿಗ್ರಿ ಇದ್ದಾಗಿನ ಲೆಕ್ಕ. ಏಪ್ರಿಲ್ ಮಧ್ಯಾಹ್ನ ಗಾಳಿ 34 ಡಿಗ್ರಿ ಇದ್ರೂ ಬಿಲ್ಲೆ 65 ಮುಟ್ಟಬಹುದು. ಡಿಗ್ರಿಗೆ ಸುಮಾರು 0.35 ಪರ್ಸೆಂಟ್ ಕಳೀತದೆ. 40 ಡಿಗ್ರಿ ಏರಿದ್ರೆ 14 ಪರ್ಸೆಂಟ್, ಅಂದ್ರೆ 76 ವ್ಯಾಟ್ ಹೋಯ್ತು. ಪೂರ್ತಿ ಬಿಸ್ಲಿದ್ರೂ ಉಳಿಯೋದು 464.

ಯಾಕೆ? ಬೆಳಕು ಎಬ್ಬಿಸಿದ ಎಲೆಕ್ಟ್ರಾನು ತಂತಿಗೆ ಹರೀಬೇಕು. ಬಿಲ್ಲೆ ಕಾದಷ್ಟೂ ಅವು ಒಳಗೇ ವಾಪಸ್ ಸೇರ್ಕೊಳ್ಳೋದು ಜಾಸ್ತಿ, ಹಂಗಾಗಿ ವೋಲ್ಟೇಜ್ ಇಳೀತದೆ. ಆಂಪಿಯರ್ ಚೂರು ಏರ್ತದೆ, ಆದ್ರೆ ಆ ನಷ್ಟ ತುಂಬಲ್ಲ. ಇನ್ವರ್ಟರ್ ಪರದೆ ನೋಡ್ರಿ: ತಂಪಾದ ಬೆಳಿಗ್ಗೆಗಿಂತ ಉರಿಬಿಸ್ಲಲ್ಲಿ ಪ್ಯಾನಲ್ ವೋಲ್ಟೇಜ್ ಕಮ್ಮಿ ಇರ್ತದೆ. ಹಂಗಂತ ಮಧ್ಯಾಹ್ನ ವೇಸ್ಟ್ ಅಲ್ಲ, ಬೆಳಕು ಹೆಚ್ಚಿರೋದ್ರಿಂದ ಒಟ್ಟು ಕರೆಂಟು ಆಗಲೇ ಜಾಸ್ತಿ. ಬರಬೇಕಾದಷ್ಟು ಬರಲ್ಲ, ಅಷ್ಟೇ.

ಅದಕ್ಕೆ ಜಗಳ ಆಡೇ ಗೇಣುದ್ದ ಎತ್ತರಿಸಿ ಕಟ್ಟಿಸಿದೆ. ಕೆಳಗೆ ಗಾಳಿ ಆಡಿ ಬಿಲ್ಲೆ 10 ಡಿಗ್ರಿ ಇಳಿದ್ರೆ, ಒಂದೊಂದು ಪ್ಯಾನಲಿಗೂ 19 ವ್ಯಾಟ್ ವಾಪಸ್. ಆದ್ರೆ ಮಟಮಟ ಮಧ್ಯಾಹ್ನ ತಣ್ಣೀರು ಸುರೀಬೇಡ್ರಿ, ಕಾದ ಗಾಜು ಸೀಳಬಹುದು. ಧೂಳು ತೊಳೆಯೋದಿದ್ರೆ ಬೆಳಿಗ್ಗೆನೇ.

ಶೀಟಿಗೆ ಒತ್ತಿ ಕೂರಿಸ್ತೀನಿ ಅಂದೋನ್ನ ದುಡ್ಡು ಕೊಡೋ ಮುಂಚೇನೇ ತಡೀರಿ.