ಶೀರ್ಷಿಕೆಯ ವರ್ತಮಾನ, ಸುದ್ದಿಯ ತಾರೀಕು

ಫ್ರಾನ್ಸಿನ ಸುದ್ದಿ ನಮ್ಮ ಓದುಗರಿಗೆ ಬಹುಪಾಲು ಇಂಗ್ಲಿಷಿನ ಮೂಲಕವೇ ತಲುಪುತ್ತದೆ. ಹಾಗಾಗಿ ಫ್ರೆಂಚ್ ಶೀರ್ಷಿಕೆಯನ್ನು ಇಂಗ್ಲಿಷಿಗೆ ತರುವವರು ಕಾಲ ತಪ್ಪಿದರೆ ಆ ತಪ್ಪು ಕನ್ನಡಕ್ಕೂ ಬಂದು ಕೂರುತ್ತದೆ.

2024ರ ಮಾರ್ಚ್ 4, ಸೋಮವಾರ. ಫ್ರಾನ್ಸಿನ ಎರಡೂ ಸದನಗಳು ವರ್ಸೈಲ್ಸ್‌ನಲ್ಲಿ ಜಂಟಿಯಾಗಿ ಸೇರಿ, ಗರ್ಭಪಾತದ ಸ್ವಾತಂತ್ರ್ಯವನ್ನು ಸಂವಿಧಾನಕ್ಕೆ ಸೇರಿಸಿದವು. ಪರವಾಗಿ 780 ಮತ, ವಿರುದ್ಧವಾಗಿ 72. ಈ ಸುದ್ದಿಗೆ 'ಲ ಪಾರ್ಲಮಾಂ ವೋತ್' ಎಂಬ ಪುಟ್ಟ ಶೀರ್ಷಿಕೆ ಇದೆ ಎಂದಿಟ್ಟುಕೊಳ್ಳೋಣ. ಕ್ರಿಯಾಪದ ವರ್ತಮಾನದಲ್ಲಿದೆ. ಅದು ಬೆಳಗಿನ ಪತ್ರಿಕೆಯದಾದರೆ ಮತದಾನ ಇನ್ನೂ ನಡೆಯಬೇಕಿದೆ. ಇಂಗ್ಲಿಷ್ ಪತ್ರಿಕೆಯವರು ಆಗ 'ಪಾರ್ಲಿಮೆಂಟ್ ಟು ವೋಟ್' ಎನ್ನುತ್ತಾರೆ. ಮುಂದೆ ಆಗಲಿರುವುದಕ್ಕೆ ಅವರ ಶೀರ್ಷಿಕೆಯಲ್ಲಿ ಸಾಮಾನ್ಯವಾಗಿ 'ಟು' ಎಂಬ ಗುರುತು ಇರುತ್ತದೆ. ಫ್ರೆಂಚಿಗೆ ಅಂಥ ಗುರುತು ಬೇಕಿಲ್ಲ, ಬರಿಯ ವರ್ತಮಾನವೇ ಸಾಕು. ಅದೇ ಶೀರ್ಷಿಕೆ ಫಲಿತಾಂಶದ ನಂತರದ್ದಾದರೆ 'ಪಾರ್ಲಿಮೆಂಟ್ ವೋಟ್ಸ್' ಎಂಬ ವರ್ತಮಾನ ಇಂಗ್ಲಿಷಿನಲ್ಲೂ ಸಲ್ಲುತ್ತದೆ. ಮುಗಿದ ಘಟನೆಯನ್ನು ವರ್ತಮಾನದಲ್ಲಿ ಹೇಳುವ ರೂಢಿ ಎರಡೂ ಭಾಷೆಗಳ ಶೀರ್ಷಿಕೆಗಳಲ್ಲಿದೆ. ಈ ಹೋಲಿಕೆಯೇ ಅನುವಾದಕರನ್ನು ಮೈಮರೆಸುವುದು.

ಇನ್ನೊಂದು ತೊಡಕು ಆ 'ವೋತ್' ಕ್ರಿಯಾಪದದಲ್ಲೇ ಇದೆ. ಅದರ ಮುಂದೆ ನೇರವಾಗಿ ಕಾನೂನಿನ ಹೆಸರು ಬಂದರೆ ಸಾಮಾನ್ಯವಾಗಿ ಮತ ಹಾಕಿದರು ಎಂದಷ್ಟೇ ಅಲ್ಲ, ಅಂಗೀಕರಿಸಿದರು ಎಂದೇ ಅರ್ಥ. ಇಂಗ್ಲಿಷಿನ 'ವೋಟ್ಸ್ ಆನ್' ಫಲಿತಾಂಶವನ್ನು ಹೇಳುವುದೇ ಇಲ್ಲ. ಅಲ್ಲಿ 'ಪಾಸಸ್' ಅಥವಾ 'ಅಪ್ರೂವ್ಸ್' ಬರಬೇಕು. ಇಲ್ಲವಾದರೆ 780 ಮತಗಳಿಂದ ಗೆದ್ದ ತಿದ್ದುಪಡಿ ಇಂಗ್ಲಿಷ್ ಓದುಗರ ಕಣ್ಣಿಗೆ ಇನ್ನೂ ಚರ್ಚೆಯಲ್ಲೇ ಇರುವಂತೆ ಕಾಣುತ್ತದೆ.

ಹೆಚ್ಚು ಎಡವುವುದು ಶೀರ್ಷಿಕೆಯ ಕೆಳಗೆ. ವರ್ಷಗಳ ನಂತರ ಹಿನ್ನೋಟ ಬರೆಯುವ ಫ್ರೆಂಚ್ ಪತ್ರಕರ್ತೆ 'ಮಾರ್ಚ್ 4, 2024ರಂದು ಸಂಸತ್ತು ಮತ ಹಾಕುತ್ತದೆ' ಎಂದು ಸಹಜವಾಗಿ ಬರೆದಾಳು. ತಾರೀಕು ಹಿಂದಿನದು, ಕ್ರಿಯಾಪದ ಇಂದಿನದು, ಅವಳ ಓದುಗರಿಗೆ ಇದು ಅಡ್ಡಿಯಾಗದು. ಇಂಗ್ಲಿಷ್ ವರದಿಯ ಒಳವಾಕ್ಯದಲ್ಲಿ ಅದು ಕಿವಿಗೆ ಒರಟು, ಅಲ್ಲಿ 'ವೋಟೆಡ್' ಆಗಲೇಬೇಕು. ಶೀರ್ಷಿಕೆಯ ವರ್ತಮಾನ ಉಳಿಯಲಿ, ಮೊದಲ ವಾಕ್ಯದಿಂದಲೇ ಭೂತಕಾಲ ಶುರುವಾಗಲಿ ಎಂಬುದು ನಮ್ಮ ಖಚಿತ ನಿಲುವು.

ಕೆಲವೊಮ್ಮೆ ಫ್ರೆಂಚೇ ಕೈಹಿಡಿಯುತ್ತದೆ. ಸಹಾಯಕ ಕ್ರಿಯಾಪದವನ್ನು ಬಿಟ್ಟು 'ಅಂಗೀಕೃತ', 'ಬಂಧಿತ' ಎಂಬಂಥ ಕೃದಂತವನ್ನಷ್ಟೇ ಇಟ್ಟಿದ್ದರೆ ಕೆಲಸ ಮುಗಿದಿದೆ ಎಂದು ಹೆಚ್ಚಾಗಿ ನಂಬಬಹುದು. ಬರಿಯ ವರ್ತಮಾನವಿದ್ದಾಗ ಆ ಆಸರೆಯಿಲ್ಲ. ಆಗ ವರದಿಯ ಮೊದಲ ಪ್ಯಾರಾ ಓದಬೇಕು, ಪ್ರಕಟವಾದ ಗಳಿಗೆ ನೋಡಬೇಕು. ಕತ್ತರಿಸಿಟ್ಟ ತುಣುಕಿನಲ್ಲಿ ಎರಡೂ ಇಲ್ಲದಿದ್ದರೆ ಕ್ರಿಯಾಪದವನ್ನೇ ಬಿಟ್ಟು 'ಗರ್ಭಪಾತದ ಹಕ್ಕು: ಸಂಸತ್ತಿನಲ್ಲಿ ಮತದಾನ' ಎಂಬಂತೆ ನಾಮಪದದಲ್ಲಿ ನಿಲ್ಲಿಸುವುದು ಮೇಲು. ಅದರಲ್ಲಿ ಮೂಲದ ಚುರುಕು ಉಳಿಯುವುದಿಲ್ಲ, ಆದರೆ ಆಗದಿದ್ದುದನ್ನು ಆಯಿತೆಂದು ಹೇಳಿದಂತೆಯೂ ಆಗುವುದಿಲ್ಲ.